ಚಲನೆಯಲ್ಲಿ ಅನುಮಸ್ತಿಷ್ಕ ಮತ್ತು ಬೇಸಲ್ ಗ್ಯಾಂಗ್ಲಿಯಾ

ಅನುಮಸ್ತಿಷ್ಕ ಮತ್ತು ಬೇಸಲ್ ಗ್ಯಾಂಗ್ಲಿಯಾ ಎಂಬವು ದೇಹದ ಚಲನೆಯನ್ನು ತಿದ್ದುವ ಮತ್ತು ನಿಯಂತ್ರಿಸುವ ಮೆದುಳಿನ ಎರಡು ಭಾಗಗಳು. ಅನುಮಸ್ತಿಷ್ಕವು ತಲೆಯ ಹಿಂಬದಿಯಲ್ಲಿ, ಮಹಾಮಸ್ತಿಷ್ಕದ ಕೆಳಗೆ ಇದೆ. ಬೇಸಲ್ ಗ್ಯಾಂಗ್ಲಿಯಾ ಎಂದರೆ ಮಹಾಮಸ್ತಿಷ್ಕದ ಒಳಗೆ ಆಳದಲ್ಲಿ ಹುದುಗಿರುವ ನರಕೋಶಗಳ ಗಂಟುಗಳ ಸಮೂಹ. ಸ್ನಾಯುಗಳಿಗೆ ನೇರವಾಗಿ ಆಜ್ಞೆ ಕೊಡುವ ಮುಖ್ಯ ಹಾದಿ ಇವೆರಡರಲ್ಲೂ ಇಲ್ಲ. ಅದು ಮಹಾಮಸ್ತಿಷ್ಕದ ಹೊರಪದರದಿಂದ ಬೆನ್ನುಹುರಿಗೆ ಇಳಿಯುತ್ತದೆ. ಆದುದರಿಂದ ಇವುಗಳಿಗೆ ಪೆಟ್ಟಾದಾಗ ಕೈಕಾಲು ಬಲ ಕಳೆದುಕೊಳ್ಳುವುದಿಲ್ಲ. ಬಲವಿದ್ದೂ ಕೆಲಸ ಕೆಡುತ್ತದೆ. ಕೆಡುವ ಬಗೆ ಮಾತ್ರ ಎರಡರಲ್ಲೂ ಬೇರೆ ಬೇರೆ. ಆ ವ್ಯತ್ಯಾಸದಿಂದಲೇ ಹಾನಿ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

ಎರಡರ ಅಂತರವನ್ನು ತೋರಿಸಲು ಈ ಲೇಖನದಲ್ಲಿ ತುಮಕೂರು ಜಿಲ್ಲೆಯ ಹಿನ್ನೆಲೆಯಲ್ಲಿ ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳಲಾಗಿದೆ. ಇವರು ನಿಜವಾದ ವ್ಯಕ್ತಿಗಳಲ್ಲ. ಲಕ್ಷಣಗಳು ಮಾತ್ರ ನಿಜವಾದ ರೋಗಗಳಲ್ಲಿ ಕಾಣುವಂಥವು.

ಅನುಮಸ್ತಿಷ್ಕ: ಗುರಿ ತಪ್ಪುವ ಕೈ

ಗುಬ್ಬಿಯ ಸಮೀಪದ ಒಂದು ಹಳ್ಳಿಯಲ್ಲಿ ಅಡಿಕೆ ಸುಲಿಯುವ, ಐವತ್ತರ ಆಸುಪಾಸಿನ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳೋಣ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಒಂದು ಬೆಳಗ್ಗೆ ಏಳುವಾಗಲೇ ಮನೆಯೆಲ್ಲ ಗಿರ್ರನೆ ತಿರುಗಿದಂತಾಗಿ ವಾಂತಿಯಾಗುತ್ತದೆ. ಮುಖ ಸೊಟ್ಟಗಾಗಿಲ್ಲ, ಕೈಕಾಲು ಬಿದ್ದಿಲ್ಲ. ಹಾಗಾಗಿ ಮನೆಯವರು ಪಿತ್ತ ಕೆರಳಿದೆ ಎಂದೇ ಭಾವಿಸುತ್ತಾರೆ. ಆದರೆ ಅವರಿಗೆ ಆಸರೆಯಿಲ್ಲದೆ ನಿಲ್ಲಲು ಆಗುತ್ತಿಲ್ಲ, ಕುಳಿತರೂ ಬಲಕ್ಕೆ ವಾಲುತ್ತಾರೆ. ನೀರಿನ ಲೋಟಕ್ಕೆ ಬಲಗೈ ಚಾಚಿದರೆ ಅದು ಲೋಟವನ್ನು ದಾಟಿ ಮುಂದೆ ಹೋಗುತ್ತದೆ.

ಇಲ್ಲಿ ಆಗಿರುವುದು ಅನುಮಸ್ತಿಷ್ಕದ ಬಲಭಾಗದ ಪಾರ್ಶ್ವವಾಯು. ಅಲ್ಲಿಗೆ ರಕ್ತ ಒಯ್ಯುವ ಧಮನಿ ಕಟ್ಟಿಕೊಂಡಿದೆ. ಪಾರ್ಶ್ವವಾಯು ಎಂದೊಡನೆ ನಾವು ಕೈ ಬಿದ್ದುಹೋಗುವುದನ್ನೇ ನಿರೀಕ್ಷಿಸುವುದರಿಂದ ಈ ಬಗೆಯು ಕಣ್ತಪ್ಪಿ ಹೋಗುವುದು ಸುಲಭ. ತಲೆಬುರುಡೆಯ ಹಿಂಭಾಗದ ಕೋಣೆ ಇಕ್ಕಟ್ಟಾದುದು. ಸತ್ತ ಭಾಗವು ಮುಂದಿನ ಕೆಲವು ದಿನಗಳಲ್ಲಿ ಊದಿಕೊಂಡರೆ ಅದು ಪಕ್ಕದ ಮೆದುಳುಕಾಂಡವನ್ನು ಒತ್ತಬಹುದು, ಮೆದುಳಿನ ದ್ರವದ ಹರಿವನ್ನು ತಡೆಯಬಹುದು, ಆಗ ಪ್ರಾಣಾಪಾಯ. ಮೊದಲ ಗಂಟೆಗಳಲ್ಲಿ ಸಿ.ಟಿ. ಸ್ಕ್ಯಾನ್ ಈ ಭಾಗವನ್ನು ಸ್ಪಷ್ಟವಾಗಿ ತೋರಿಸದಿರಬಹುದು, ಎಂ.ಆರ್.ಐ. ಅದಕ್ಕಿಂತ ನಂಬಲರ್ಹ. ಸಾಮಾನ್ಯ ತಲೆಸುತ್ತಿನಲ್ಲಿ ಕಷ್ಟಪಟ್ಟಾದರೂ ನಾಲ್ಕು ಹೆಜ್ಜೆ ಇಡಬಹುದು. ಹಿಡಿದುಕೊಳ್ಳದೆ ನಿಲ್ಲಲೂ ಆಗದಷ್ಟು ತೂಕ ತಪ್ಪಿದರೆ ಅದು ಪಿತ್ತವಲ್ಲ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ.

ಕೈ ಗುರಿ ತಪ್ಪುವುದೇಕೆ? ಲೋಟದ ಕಡೆಗೆ ಹೊರಟ ಕೈಯನ್ನು ಸರಿಯಾದ ಕ್ಷಣದಲ್ಲಿ ತಡೆಯಲು ಎದುರು ಸ್ನಾಯುಗಳು ಮುಂಚಿತವಾಗಿ ಬಿಗಿಯಬೇಕು. ಕೈ ಎಲ್ಲಿದೆ ಎಂದು ಕಣ್ಣಿನಿಂದ ನೋಡಿ ತಿದ್ದುವಷ್ಟು ಹೊತ್ತಿನಲ್ಲಿ ಅದು ದಾಟಿ ಹೋಗಿರುತ್ತದೆ. ಅನುಮಸ್ತಿಷ್ಕವು ಮಹಾಮಸ್ತಿಷ್ಕ ಕೊಟ್ಟ ಆಜ್ಞೆಯ ಪ್ರತಿಯನ್ನು ಪಡೆದು, ಕೀಲು ಮತ್ತು ಸ್ನಾಯುಗಳಿಂದ ಬರುವ ಸುದ್ದಿಯೊಂದಿಗೆ ಹೋಲಿಸಿ, ಎಡವಟ್ಟನ್ನು ಮೊದಲೇ ಅಂದಾಜು ಮಾಡಿ ತಿದ್ದುತ್ತದೆ. ಗಾತ್ರದಲ್ಲಿ ಅದು ಮೆದುಳಿನ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಆದರೆ ಮೆದುಳಿನ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಯೇ ಇವೆ. ಈ ಅಂದಾಜು ಇಲ್ಲವಾದಾಗ ಕೈ ದಾಟುತ್ತದೆ, ಹಿಂದೆ ಎಳೆದುಕೊಂಡರೆ ಹೆಚ್ಚಾಗಿ ಹಿಂದೆ ಬರುತ್ತದೆ, ಮತ್ತೆ ಮುಂದೆ ಹೋಗುತ್ತದೆ. ನೋಡುವವರಿಗೆ ಇದೇ ನಡುಕವಾಗಿ ಕಾಣುತ್ತದೆ. ಗುರಿ ಹತ್ತಿರವಾದಂತೆ ಇದು ಹೆಚ್ಚುತ್ತದೆ, ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ಇರುವುದಿಲ್ಲ.

ಈ ಲಕ್ಷಣಗಳನ್ನು ಕ್ರಮಬದ್ಧವಾಗಿ ವಿವರಿಸಿದವರು ಬ್ರಿಟಿಷ್ ನರವಿಜ್ಞಾನಿ ಗಾರ್ಡನ್ ಹೋಮ್ಸ್. ಮೊದಲನೆಯ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡೇಟು ಬಿದ್ದ ಸೈನಿಕರನ್ನು ಪರೀಕ್ಷಿಸಿ 1917ರಲ್ಲಿ ಅವರು ತಮ್ಮ ಅವಲೋಕನಗಳನ್ನು ಪ್ರಕಟಿಸಿದರು. ಅನೇಕರಲ್ಲಿ ಒಂದು ಬದಿಗೆ ಮಾತ್ರ ಗಾಯವಾಗಿದ್ದುದರಿಂದ ಅದೇ ಮನುಷ್ಯನ ಎರಡು ಕೈಗಳನ್ನು ಪರಸ್ಪರ ಹೋಲಿಸುವುದು ಸಾಧ್ಯವಾಯಿತು. ಗಾಯವಾದ ಬದಿಯ ಕೈಯೇ ಕೆಟ್ಟಿತ್ತು. ಅನುಮಸ್ತಿಷ್ಕದಿಂದ ಹೊರಟ ದಾರಿ ಎದುರು ಬದಿಯ ಮಹಾಮಸ್ತಿಷ್ಕಕ್ಕೆ ಹೋಗುತ್ತದೆ, ಅಲ್ಲಿಂದ ಹೊರಟ ಆಜ್ಞೆ ಮತ್ತೆ ಬದಿ ಬದಲಿಸಿ ಕೆಳಗಿಳಿಯುತ್ತದೆ. ಎರಡು ಬಾರಿ ದಾಟಿದ ಮೇಲೆ ಹೊರಟ ಬದಿಗೇ ಬಂದಂತಾಯಿತು. ಗುಬ್ಬಿಯ ಮಹಿಳೆಯ ಬಲಗೈ ಕೆಟ್ಟಿರುವುದರಿಂದ ಹಾನಿಯೂ ಬಲಗಡೆಯೇ ಇದೆ ಎನ್ನುವುದು ಇದರಿಂದ.

ಚೇತರಿಕೆಯ ತಿಂಗಳುಗಳಲ್ಲಿ ಅವರು ಕಾಲುಗಳನ್ನು ಅಗಲಿಸಿಕೊಂಡು ತೂರಾಡುತ್ತ ನಡೆಯುತ್ತಾರೆ, ಮಾತು ಬಿಟ್ಟುಬಿಟ್ಟು ತೊದಲುತ್ತದೆ. ತುಮಕೂರಿನ ಬಸ್ ನಿಲ್ದಾಣದಲ್ಲಿ ಹೀಗೆ ನಡೆಯುವ ಗಂಡಸನ್ನು ಕಂಡರೆ ಜನ ಕುಡಿದಿದ್ದಾನೆಂದು ದೂರ ಸರಿಯುತ್ತಾರೆ. ಈ ತಪ್ಪಿಗೆ ಒಂದು ಕಾರಣವೂ ಇದೆ: ಮದ್ಯವು ಅನುಮಸ್ತಿಷ್ಕದ ಕೆಲಸವನ್ನೇ ಕೆಡಿಸುವುದರಿಂದ ಅಮಲಿನ ನಡಿಗೆ ಮತ್ತು ರೋಗದ ನಡಿಗೆ ಒಂದೇ ತೆರನಾಗಿರುತ್ತವೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮಾತ್ರೆಯ ಪ್ರಮಾಣ ರಕ್ತದಲ್ಲಿ ಹೆಚ್ಚಾದಾಗಲೂ ಇದೇ ನಡಿಗೆ ಬರುತ್ತದೆ. ಕುಡಿಯದವನು ತೂರಾಡಿದರೆ ಅವನು ನುಂಗುತ್ತಿರುವ ಮಾತ್ರೆಗಳನ್ನು ವಿಚಾರಿಸುವುದು ಒಳ್ಳೆಯದು.

ಬೇಸಲ್ ಗ್ಯಾಂಗ್ಲಿಯಾ: ಬಿಡದ ತಡೆ

ಎರಡನೆಯವರು ಕುಣಿಗಲ್ಲಿನ ಒಬ್ಬ ನಿವೃತ್ತ ಗುಮಾಸ್ತರು ಎನ್ನೋಣ, ವಯಸ್ಸು 64. ಇವರ ರೋಗ ಯಾವ ದಿನ ಆರಂಭವಾಯಿತೆಂದು ಮನೆಯವರಿಗೆ ಹೇಳಲಾಗದು. ಅಕ್ಷರ ಗುಂಡಗಿದ್ದವರು, ಈಗ ಸಾಲಿನ ಆರಂಭದಲ್ಲಿ ದೊಡ್ಡದಾಗಿದ್ದ ಅಕ್ಷರ ಸಾಲು ಮುಗಿಯುವ ಹೊತ್ತಿಗೆ ಸಾಸಿವೆಯಷ್ಟಾಗುತ್ತದೆ. ಅಂಗಿಯ ಗುಂಡಿ ಹಾಕಲು ಬಹಳ ಹೊತ್ತು ಬೇಕು. ನಡೆಯುವಾಗ ಬಲಗೈ ಬೀಸುವುದಿಲ್ಲ. ಪತ್ರಿಕೆ ಓದುತ್ತ ಕುಳಿತಾಗ ಬಲಗೈಯ ಹೆಬ್ಬೆರಳು ತೋರುಬೆರಳಿಗೆ ಉಜ್ಜಿ ಮಾತ್ರೆ ಉರುಳಿಸುವಂತೆ, ಸೆಕೆಂಡಿಗೆ 4ರಿಂದ 6 ಬಾರಿ ಅದುರುತ್ತದೆ. ಕಾಫಿ ಲೋಟಕ್ಕೆ ಕೈ ಚಾಚಿದೊಡನೆ ಆ ನಡುಕ ನಿಲ್ಲುತ್ತದೆ ಇಲ್ಲವೆ ತಗ್ಗುತ್ತದೆ. ಕೈ ಲೋಟವನ್ನು ತಪ್ಪದೆ ಮುಟ್ಟುತ್ತದೆ, ಆದರೆ ನಿಧಾನವಾಗಿ.

ಇದು ಪಾರ್ಕಿನ್ಸನ್ ಕಾಯಿಲೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಮಂದಿಯನ್ನು ಗಮನಿಸಿ ಇದನ್ನು ವರ್ಣಿಸಿದನು. ಬೇಸಲ್ ಗ್ಯಾಂಗ್ಲಿಯಾದಿಂದ ಹೊರಡುವ ಸಂದೇಶವು ಸ್ವಭಾವತಃ ತಡೆಯುವಂಥದು. ಅದು ಥಾಲಮಸ್ ಎಂಬ ಕೇಂದ್ರವನ್ನು ಸದಾ ಹಿಡಿದಿಟ್ಟಿರುತ್ತದೆ. ಎದ್ದು ನಿಲ್ಲಬೇಕೆಂದಾಗ, ಎದ್ದು ನಿಲ್ಲುವುದಕ್ಕೆ ಬೇಕಾದಷ್ಟು ಮಾತ್ರ ಈ ಹಿಡಿತ ಸಡಿಲಗೊಳ್ಳಬೇಕು, ಉಳಿದುದಕ್ಕೆ ಬಿಗಿಯಾಗಿಯೇ ಇರಬೇಕು. ಸಡಿಲಗೊಳ್ಳಲು ನೆರವಾಗುವುದು ಡೋಪಮೈನ್. ಅದನ್ನು ಒದಗಿಸುವ ನರಕೋಶಗಳು ಸಾಯುತ್ತ ಬಂದಾಗ ಹಿಡಿತ ಬಿಡುವುದೇ ಇಲ್ಲ. ಆಗ ಚಲನೆ ತಡವಾಗಿ ಆರಂಭವಾಗುತ್ತದೆ, ಚಿಕ್ಕದಾಗುತ್ತದೆ, ಮುಖದಲ್ಲಿ ಭಾವ ಕಾಣದು, ಧ್ವನಿ ಕುಗ್ಗುತ್ತದೆ, ಕೈಯನ್ನು ಇನ್ನೊಬ್ಬರು ಬಗ್ಗಿಸಿದರೂ ಬಿಗಿಯಾಗಿರುತ್ತದೆ. ಇಲ್ಲಿ ಹಾನಿ ಎದುರು ಬದಿಯಲ್ಲಿರುತ್ತದೆ. ಬಲಗೈ ನಡುಗಿದರೆ ಮೆದುಳಿನ ಎಡಭಾಗ ಹೆಚ್ಚು ಸವೆದಿದೆ.

ಇವರು ನಡೆಯುವಾಗ ಕಾಲು ಅಗಲಿಸುವುದಿಲ್ಲ. ಹೆಜ್ಜೆ ಕಿರಿದಾಗಿ ನೆಲಕ್ಕೆ ಉಜ್ಜುತ್ತದೆ. ಬಾಗಿಲ ಬಳಿ ಬಂದಾಗ, ತಿರುಗುವಾಗ, ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ವಿಚಿತ್ರವೆಂದರೆ ನೆಲದ ಮೇಲೆ ಹೆಜ್ಜೆಯ ಅಂತರಕ್ಕೊಂದು ಅಡ್ಡಗೆರೆ ಎಳೆದರೆ ಅದೇ ಮನುಷ್ಯ ಗೆರೆಗಳನ್ನು ದಾಟುತ್ತ ಸರಾಗವಾಗಿ ನಡೆಯಬಲ್ಲರು. ಒಳಗಿನಿಂದ ಏಳದ ಸೂಚನೆಯನ್ನು ಕಣ್ಣು ಹೊರಗಿನಿಂದ ಒದಗಿಸಿದಂತಾಯಿತು. ಅನುಮಸ್ತಿಷ್ಕ ಕೆಟ್ಟವರಿಗೆ ಕಣ್ಣು ತೆರೆದಿದ್ದರೂ ತೂಕ ನಿಲ್ಲದು.

ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಔಷಧಿಯಿಂದ ಈ ಲಕ್ಷಣಗಳು ಹಲವು ವರ್ಷ ಹತೋಟಿಗೆ ಬರುತ್ತವೆ. ನರಕೋಶಗಳ ಸಾವು ಮಾತ್ರ ನಿಲ್ಲುವುದಿಲ್ಲ. ಬೇಲಿಗಳಲ್ಲಿ ಬೆಳೆಯುವ ನಸುಗುನ್ನಿಯ ಬೀಜದಲ್ಲಿ ಇದೇ ಲೆವೊಡೋಪಾ ಇದೆಯೆಂದು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿಯೇ ತೋರಿಸಿದ್ದರು. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುವುದರಿಂದ ಮನೆಯಲ್ಲಿ ಅಳೆದು ತಿನ್ನುವಂಥದಲ್ಲ. ಗುಬ್ಬಿಯ ಮಹಿಳೆಗೆ ಈ ಔಷಧಿ ಕೊಟ್ಟರೆ ಯಾವ ಪ್ರಯೋಜನವೂ ಇಲ್ಲ. ಅನುಮಸ್ತಿಷ್ಕದ ಕೊರತೆಯನ್ನು ಹೀಗೆ ತುಂಬಿಕೊಡುವ ಔಷಧಿ ಇಲ್ಲ. ಅಭ್ಯಾಸ ಮತ್ತು ವ್ಯಾಯಾಮವೇ ಮುಖ್ಯ ಆಸರೆ.

ಇಲ್ಲೊಂದು ಬಲೆಯಿದೆ. ತಲೆಸುತ್ತಿಗೆಂದು ಕೊಡುವ ಸಿನ್ನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮತ್ತು ಕೆಲವು ಮನೋರೋಗದ ಮಾತ್ರೆಗಳು ಡೋಪಮೈನ್ ಕೆಲಸವನ್ನು ತಡೆಯುತ್ತವೆ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಿಂಗಳುಗಟ್ಟಲೆ ತಂದು ನುಂಗಿದ ವೃದ್ಧರಲ್ಲಿ ಪಾರ್ಕಿನ್ಸನ್ ಕಾಯಿಲೆಯಂತೆಯೇ ಕಾಣುವ ನಿಧಾನ, ಬಿಗಿತ, ನಡುಕ ಬರಬಹುದು. ವೈದ್ಯರ ಸಲಹೆಯ ಮೇರೆಗೆ ನಿಲ್ಲಿಸಿದರೆ ಬಹುಪಾಲು ಮಂದಿಯಲ್ಲಿ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಅದು ಇಳಿಯುತ್ತದೆ.

ತಡೆ ಸಡಿಲಾದಾಗ

ಬೇಸಲ್ ಗ್ಯಾಂಗ್ಲಿಯಾದ ಹಾನಿಗೆ ಇದಕ್ಕೆ ತಿರುಗುಮುರುಗಾದ ಇನ್ನೊಂದು ಮುಖವಿದೆ. ತಡೆ ಕಡಮೆಯಾದರೆ ಬೇಡದ ಚಲನೆಗಳು ತಾವಾಗಿಯೇ ಹೊರಬರುತ್ತವೆ. ಇದನ್ನು ಕೊರಿಯಾ ಎನ್ನುತ್ತಾರೆ. ಶಾಲೆಯ ಮಕ್ಕಳಲ್ಲಿ ಇದು ರುಮ್ಯಾಟಿಕ್ ಜ್ವರದ ಭಾಗವಾಗಿ, ಗಂಟಲುನೋವು ವಾಸಿಯಾದ ಕೆಲವು ವಾರ ಅಥವಾ ತಿಂಗಳುಗಳ ನಂತರ ಬರುತ್ತದೆ. ಮಗು ಪೆನ್ನು ಬೀಳಿಸುತ್ತದೆ, ಮುಖ ಸೊಟ್ಟ ಮಾಡುತ್ತದೆ, ಸುಮ್ಮನೆ ಕೂರುವುದಿಲ್ಲ, ಬರವಣಿಗೆ ಕೆಡುತ್ತದೆ. ನಿದ್ದೆಯಲ್ಲಿ ಇವೆಲ್ಲ ನಿಲ್ಲುತ್ತವೆ. ತರಗತಿಯಲ್ಲಿ ಇಂಥ ಮಗುವಿಗೆ ತುಂಟನೆಂಬ ಹೆಸರೂ ಶಿಕ್ಷೆಯೂ ದೊರೆಯುವುದುಂಟು. ಉಪಾಧ್ಯಾಯರು ತಿಳಿದಿರಬೇಕಾದ ವಿಷಯವಿದು. ಚಲನೆಗಳು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾವೇ ಇಳಿಯುತ್ತವೆ, ಆದರೆ ಅದೇ ಜ್ವರ ಹೃದಯದ ಕವಾಟಗಳನ್ನು ಕೆಡಿಸಬಲ್ಲದು. ಹೃದಯದ ಪರೀಕ್ಷೆ ಮತ್ತು ವರ್ಷಗಟ್ಟಲೆ ಪೆನಿಸಿಲಿನ್ ಬೇಕಾಗುವುದು ಅದಕ್ಕಾಗಿ.

ಎರಡೂ ಬೆರೆತಾಗ

ಎಲ್ಲ ನಡುಕವೂ ಈ ಎರಡರಲ್ಲಿ ಒಂದಕ್ಕೆ ಸೇರುವುದಿಲ್ಲ. ವಂಶದಲ್ಲಿ ಹರಿದುಬರುವ ಒಂದು ಸಾಮಾನ್ಯ ನಡುಕ ಕೈ ಚಾಚಿ ಹಿಡಿದಾಗ ಕಾಣುತ್ತದೆ. ಅದರಲ್ಲಿ ನಿಧಾನವಾಗಲಿ ಬಿಗಿತವಾಗಲಿ ಇಲ್ಲ. ಇನ್ನು ವಿಲ್ಸನ್ ಕಾಯಿಲೆಯಲ್ಲಿ ಎರಡೂ ಭಾಗಗಳ ಲಕ್ಷಣಗಳು ಒಬ್ಬರಲ್ಲಿಯೇ ಕಾಣಬಹುದು. ತಾಮ್ರವನ್ನು ಹೊರಹಾಕುವ ಜೀನ್ ಕೆಟ್ಟಿರುವುದರಿಂದ ಅದು ಯಕೃತ್ತಿನಲ್ಲಿಯೂ ಮೆದುಳಿನಲ್ಲಿಯೂ, ಮುಖ್ಯವಾಗಿ ಬೇಸಲ್ ಗ್ಯಾಂಗ್ಲಿಯಾದಲ್ಲಿ, ಶೇಖರವಾಗುತ್ತದೆ. ಹದಿಹರೆಯದ ಹುಡುಗನಿಗೆ ಮಾತು ತೊದಲಿ, ಜೊಲ್ಲು ಸುರಿದು, ಕೈ ಬಿಗಿದು, ಜೊತೆಗೆ ನಡಿಗೆಯೂ ತೂರಾಡಿದರೆ ಇದನ್ನು ನೆನೆಯಬೇಕು. ತುಮಕೂರಿನಿಂದ ಸುಮಾರು 70 ಕಿ.ಮೀ. ದೂರದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳಲ್ಲಿ ಪರೀಕ್ಷಿಸಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಮಾತ್ರ ಈ ರೋಗ ಬರುತ್ತದೆ. ಸೋದರಮಾವನ ಮದುವೆ, ಅತ್ತೆ ಮಗಳ ಮದುವೆ ನಡೆಯುವ ಕುಟುಂಬಗಳಲ್ಲಿ ಅದರ ಸಾಧ್ಯತೆ ಹೆಚ್ಚು. ತಾಮ್ರವನ್ನು ಹೊರಹಾಕುವ ಪೆನಿಸಿಲಮೈನ್ ಅಥವಾ ಅದು ಹೀರಲ್ಪಡದಂತೆ ತಡೆಯುವ ಸತುವಿನ ಲವಣವನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು. ಒಂದು ಮಗುವಿನಲ್ಲಿ ರೋಗ ಖಚಿತವಾದರೆ ಅದರ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ರೋಗವಿರುವ ಸಂಭವ ನಾಲ್ಕರಲ್ಲಿ ಒಂದು. ಆದುದರಿಂದ ಯಾವ ಲಕ್ಷಣ ಇಲ್ಲದಿದ್ದರೂ ಅವರೆಲ್ಲರ ರಕ್ತ, ಮೂತ್ರ ಮತ್ತು ಕಣ್ಣುಗಳನ್ನು ಪರೀಕ್ಷಿಸಲಾಗುತ್ತದೆ.