ಮೈಸೂರಿನ 50, ಬೆಂಗಳೂರಿನ 68

ಮೈಸೂರಿನಲ್ಲಿ ಕೈಗೆ ಬರುವ ಸಂಬಳ ತಿಂಗಳಿಗೆ 50,000 ರೂಪಾಯಿ, ಬೆಂಗಳೂರಿನವರು ಕೊಡುವುದು 68,000 ಎಂದುಕೊಳ್ಳಿ. ಸಿಟಿಸಿ ನೋಡಿ ಹೋಲಿಸಬೇಡಿ. ಅದರಲ್ಲಿ ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ, ಸಿಕ್ಕರೆ ಸಿಕ್ಕೀತು ಎನ್ನುವ ಬೋನಸ್ಸೂ ಸೇರಿರುತ್ತವೆ.

ಈಗ ಖರ್ಚು. ಮೈಸೂರಿನಲ್ಲಿ ಬಾಡಿಗೆ 12,000, ಊಟ, ಓಡಾಟ ಇತ್ಯಾದಿಗೆ 16,000. ಬೆಂಗಳೂರಿನಲ್ಲಿ ಇವೇ 24,000 ಮತ್ತು 21,000 ಆದವೆನ್ನಿ. ಊರಿನ ಖರ್ಚು 28,000ದಿಂದ 45,000ಕ್ಕೆ, ಅಂದರೆ ಸುಮಾರು 1.6 ಪಟ್ಟು ಏರಿತು. ಹಾಗಾದರೆ ಸಂಬಳವೂ 1.6 ಪಟ್ಟು, 80,000 ಬೇಕೇ? ಬೇಕಿಲ್ಲ. ಅನೇಕರು ಎಡವುವುದು ಇಲ್ಲೇ. ಸಾಲದ ಕಂತು, ಮನೆಗೆ ಕಳಿಸುವ ಹಣ, ಉಳಿತಾಯ ಇವು ಊರು ಬದಲಾದರೂ ಹಿಗ್ಗುವುದಿಲ್ಲ. ಹೆಚ್ಚಾದ ಖರ್ಚು 17,000 ಮಾತ್ರ. ಅದನ್ನು ಹಳೆಯ ಸಂಬಳಕ್ಕೆ ಕೂಡಿಸಿದರೆ 67,000. ಅಲ್ಲಿಗೆ ಸರಿಸಮ.

68,000ದಲ್ಲಿ ಲಾಭ ತಿಂಗಳಿಗೆ ಬರೀ ಸಾವಿರ! ಅದೂ ಮನೆಯ ಅಡ್ವಾನ್ಸ್ ಬಿಟ್ಟು. ಮಾಲೀಕರು ಆರು ತಿಂಗಳ ಬಾಡಿಗೆ ಕೇಳಿದರೆ 1,44,000 ಬಡ್ಡಿಯಿಲ್ಲದೆ ಅವರ ಬಳಿ ಕೂರುತ್ತದೆ. ಬಾಡಿಗೆಯನ್ನಂತೂ ಊರಿನ ಸರಾಸರಿಯಿಂದ ಊಹಿಸಬೇಡಿ; ಆಫೀಸಿನ ಹತ್ತಿರದ ಬಡಾವಣೆಯಲ್ಲೇ ವಿಚಾರಿಸಿ.