ಸ್ಥಿರಚಿತ್ರಕ್ಕೆ ಚಲನೆ

ಹಳೆಯ ಭಾವಚಿತ್ರದೊಳಗಿನ ಅಜ್ಜಿಯು ಕಣ್ಣು ಮಿಟುಕಿಸಿ ಮುಗುಳ್ನಗುವಂತೆ ಮಾಡುವ ಉಪಾಯವು 2021ರಲ್ಲಿ ಮೈಹೆರಿಟೇಜ್ ಸಂಸ್ಥೆಯ ‘ಡೀಪ್ ನಾಸ್ಟಾಲ್ಜಿಯಾ’ದಿಂದ ಜನಜನಿತವಾಯಿತು. ಈ ಚಲನೆಯು ಬರುವುದೆಲ್ಲಿಂದ? ಚಿತ್ರದಿಂದಂತೂ ಅಲ್ಲ. ಬೇರೊಬ್ಬರು ತಲೆಯಾಡಿಸಿದುದನ್ನು ಮೊದಲೇ ಚಿತ್ರೀಕರಿಸಿಟ್ಟು, ಆ ಚಲನೆಯನ್ನೇ ಗಣಕಯಂತ್ರವು ಅಜ್ಜಿಯ ಮುಖಕ್ಕೆ ಹೊಂದಿಸುತ್ತದೆ. ಮುಖವು ಅಜ್ಜಿಯದು, ನಗೆಯು ಪರರದು!

ಮದುವೆಯ ಗುಂಪುಚಿತ್ರವೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ಅಜ್ಜಿಯ ಮುಖದ ಅಗಲವು ಒಂದು ಸೆಂಟಿಮೀಟರ್ ಇದ್ದರೆ, ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿದಾಗ ಮುಖಕ್ಕೆ ದೊರೆಯುವುವು ಸುಮಾರು 118 ಬಿಂದುಗಳು ಮಾತ್ರ; 1200ರಂತೆ ಮಾಡಿದರೆ 472. ಆದರೆ ಮೂಲಪ್ರತಿಯಲ್ಲಿಯೇ ಮಸುಕಾದುದನ್ನು ಯಾವ ಸ್ಕ್ಯಾನೂ ತಿದ್ದಲಾರದು. ಬಳಿಕ ಆ ಮುಖವನ್ನು ಭುಜದವರೆಗೆ ಕತ್ತರಿಸಿ ಯಂತ್ರಕ್ಕೆ ಒಪ್ಪಿಸಿದರೆ, ಕೆಲವೇ ಸೆಕೆಂಡುಗಳ ತುಣುಕು ಸಿದ್ಧವಾಗುತ್ತದೆ.

ಅದನ್ನು ನಡುನಡುವೆ ನಿಲ್ಲಿಸಿ ಮೂಲದೊಡನೆ ಹೋಲಿಸಬೇಕು. ಚಿತ್ರದಲ್ಲಿ ತುಟಿಗಳು ಮುಚ್ಚಿದ್ದರೆ, ನಗುವಾಗ ತೋರುವ ಹಲ್ಲುಗಳು ಕೇವಲ ಯಂತ್ರದ ಊಹೆ. ತಲೆ ತಿರುಗಿದಷ್ಟೂ ಊಹೆಯ ಪಾಲು ಹೆಚ್ಚುತ್ತದೆ: ಮೂಗುತಿಯು ಸ್ಥಳ ಬಿಟ್ಟು ಸರಿಯಬಹುದು, ಕನ್ನಡಕದ ಅಂಚು ಕೆನ್ನೆಯಲ್ಲಿ ಕರಗಬಹುದು. ಅಜ್ಜಿಯನ್ನು ಬಲ್ಲ ಹಿರಿಯರು ‘ಆಕೆ ಹೀಗೆ ನಗುತ್ತಿರಲಿಲ್ಲ’ ಎಂದಾರು; ಅವರ ಮಾತೇ ಪ್ರಮಾಣ. ಆಕೆಯನ್ನು ಕಾಣದ ಮೊಮ್ಮಕ್ಕಳಿಗಾಗಿ ತುಣುಕಿನ ಮೇಲೆ ‘ಕೃತಕ ಚಲನೆ’ ಎಂದು ಬರೆದು, ಮೂಲಚಿತ್ರವನ್ನೂ ಜೊತೆಯಲ್ಲಿಡುವುದು ಒಳ್ಳೆಯದು.