ಹಗಲು ಕಂಡ ಕೂಸಿಗೆ ಇರುಳು ತಿಳಿಯುತ್ತದೆ

1953ರಲ್ಲಿ ಅಮೆರಿಕದ ನಿದ್ರಾವಿಜ್ಞಾನಿ ನಥಾನಿಯಲ್ ಕ್ಲೈಟ್‌ಮನ್ ಮತ್ತು ಅವರ ಜೊತೆಗಾರ ಎಂಗಲ್‌ಮನ್ ಒಂದು ಶಿಶುವಿನ ದಿನಚರಿಯ ನಕ್ಷೆಯನ್ನು ಪ್ರಕಟಿಸಿದರು. ದಿನಕ್ಕೊಂದು ಸಾಲು. ಮಗು ಮಲಗಿದ್ದಷ್ಟು ಹೊತ್ತು ಗೆರೆ, ಎಚ್ಚರವಿದ್ದಷ್ಟು ಹೊತ್ತು ಖಾಲಿ ಜಾಗ, ಹಾಲು ಕುಡಿದಾಗ ಒಂದು ಚುಕ್ಕೆ. ಹೀಗೆ ಸುಮಾರು ಆರು ತಿಂಗಳು. ಮೇಲಿನ ಸಾಲುಗಳಲ್ಲಿ ಗೆರೆಗಳು ಚೂರುಚೂರಾಗಿ ಇಡೀ ಕಾಗದದ ತುಂಬ ಚೆಲ್ಲಿವೆ. ಕೆಳಗಿಳಿದಂತೆ ಗೆರೆಗಳು ಒಂದಕ್ಕೊಂದು ಕೂಡಿಕೊಂಡು ಉದ್ದವಾಗುತ್ತವೆ. ಆದರೆ ನೇರವಾಗಿ ನಿಲ್ಲುವುದಿಲ್ಲ. ಮಗುವಿನ ದೀರ್ಘ ನಿದ್ದೆ ಇಂದಿಗಿಂತ ನಾಳೆ ತುಸು ತಡ, ನಾಳೆಗಿಂತ ನಾಡಿದ್ದು ಇನ್ನೂ ತಡ ಎಂಬಂತೆ ಓರೆಯಾಗಿ ಜಾರುತ್ತ ಹಗಲಿನೊಳಗೆ ನುಗ್ಗುತ್ತದೆ, ಮತ್ತೆ ರಾತ್ರಿಗೆ ಬರುತ್ತದೆ. ನಾಲ್ಕನೇ ತಿಂಗಳ ಆಸುಪಾಸಿಗೆ ಅದು ರಾತ್ರಿಯಲ್ಲಿ ನೆಲೆ ನಿಲ್ಲುತ್ತದೆ.

ಆ ಓರೆ ಪಟ್ಟಿಯನ್ನು ಒಮ್ಮೆ ನೋಡಿದವರಿಗೆ 'ಮಗು ಹಗಲು ರಾತ್ರಿ ಅದಲುಬದಲು ಮಾಡಿಕೊಂಡಿದೆ' ಎಂಬ ಮನೆಮಾತು ಬೇರೆಯೇ ರೀತಿಯಲ್ಲಿ ಕೇಳಿಸುತ್ತದೆ. ಗಡಿಯಾರ ಇಲ್ಲದ ಮಗುವಿನ ನಿದ್ದೆ ಹಾಗೆ ಕ್ರಮವಾಗಿ ಜಾರುವುದಿಲ್ಲ. ಗೊತ್ತುಗುರಿಯಿಲ್ಲದೆ ಚೆದುರಿರುತ್ತದೆ. ಜಾರುತ್ತಿದೆ ಎಂದರೆ ಒಳಗೆ ಗಡಿಯಾರ ಓಡುತ್ತಿದೆ, ಆದರೆ 24 ಗಂಟೆಗಿಂತ ಸ್ವಲ್ಪ ನಿಧಾನವಾಗಿ. ಅದನ್ನು ದಿನದಿನವೂ ಸೂರ್ಯನ ಹೊತ್ತಿಗೆ ಸರಿಹೊಂದಿಸುವ ಕೆಲಸ ಇನ್ನೂ ಆಗುತ್ತಿಲ್ಲ. ದೊಡ್ಡವರ ಒಳಗಡಿಯಾರವೂ ಸರಾಸರಿ 24 ಗಂಟೆಗಿಂತ ಹತ್ತು ಹನ್ನೆರಡು ನಿಮಿಷ ನಿಧಾನವೇ. ಬೆಳಗಿನ ಬೆಳಕು ಅದನ್ನು ಪ್ರತಿದಿನ ಮುಂದಕ್ಕೆ ತಳ್ಳುವುದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೆ.

ಈ ಗಡಿಯಾರ ಇರುವುದು ಮೆದುಳಿನ ತಳದಲ್ಲಿ, ಎರಡೂ ಕಣ್ಣುಗಳ ನರಗಳು ಹೆಣೆದುಕೊಳ್ಳುವ ಜಾಗದ ಸರಿಯಾಗಿ ಮೇಲೆ. ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪು ಅದು. ಹೊರಗಿನ ಬೆಳಕಿನ ಸುದ್ದಿಯನ್ನು ಅದಕ್ಕೆ ಮುಟ್ಟಿಸಲು ಕಣ್ಣಿನ ಅಕ್ಷಿಪಟಲದಲ್ಲಿ ಪ್ರತ್ಯೇಕ ಕೋಶಗಳಿವೆ. ಇವು ಬೆಳಕನ್ನು ತಾವೇ ನೇರವಾಗಿ ಗ್ರಹಿಸಬಲ್ಲವು ಎಂಬುದು ಖಚಿತವಾದದ್ದು 2002ರಲ್ಲಿ. ಮೆಲನಾಪ್ಸಿನ್ ಎಂಬ ವರ್ಣಕ ಇರುವ ಈ ಕೋಶಗಳಿಗೆ ಅಮ್ಮನ ಮುಖವನ್ನು ಬಿಡಿಸಿ ತೋರಿಸುವ ಕೆಲಸವಿಲ್ಲ. ಸುತ್ತ ಎಷ್ಟು ಬೆಳಕಿದೆ ಎಂದು ಅಳೆಯುವುದೇ ಅವುಗಳ ಮುಖ್ಯ ಕೆಲಸ. ನೀಲಿ ಬೆಳಕಿಗೆ ಅವು ಬೇಗ ಕೆರಳುತ್ತವೆ, ಕೆಂಪಿಗೆ ಬಹಳ ಕಡಿಮೆ. ಇಲಿಮರಿಗಳಲ್ಲಂತೂ ನೋಟದ ಕೋಶಗಳು ಕೆಲಸ ಶುರುಮಾಡುವ ಮೊದಲೇ, ಹುಟ್ಟಿದಾಗಲೇ, ಇವು ಸಿದ್ಧವಾಗಿರುತ್ತವೆ. ಹಾಗಾಗಿ 'ಕಣ್ಣು ನೆಟ್ಟಗೆ ಕಾಣದ ಕೂಸಿಗೆ ಬೆಳಕಿದ್ದರೇನು, ಕತ್ತಲಿದ್ದರೇನು' ಎನ್ನುವಂತಿಲ್ಲ.

ಗರ್ಭದಲ್ಲಿದ್ದಾಗ ಮಗುವಿಗೆ ಗಡಿಯಾರ ಹೊಂದಿಸಿಕೊಳ್ಳುವ ಈ ತೊಂದರೆ ಇರಲಿಲ್ಲ. ಕತ್ತಲಾದಾಗ ತಾಯಿಯ ಮೆದುಳಿನಲ್ಲಿ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನು ಮಾಸುವನ್ನು ದಾಟಿ ಮಗುವಿಗೂ ತಲುಪುತ್ತದೆ. ತಾಯಿಯ ರಾತ್ರಿಯೇ ಮಗುವಿನ ರಾತ್ರಿ. ಹೊಕ್ಕುಳಬಳ್ಳಿ ಕತ್ತರಿಸಿದ ದಿನ ಆ ಸುದ್ದಿ ನಿಲ್ಲುತ್ತದೆ. ತನ್ನದೇ ಮೆಲಟೋನಿನ್ ಅನ್ನು ಹೊತ್ತಿಗೆ ಸರಿಯಾಗಿ ಏರಿಸಿ ಇಳಿಸುವುದನ್ನು ಮಗು ಕಲಿಯುವುದು ಸಾಮಾನ್ಯವಾಗಿ ಎರಡನೇ, ಮೂರನೇ ತಿಂಗಳಲ್ಲಿ. ನಡುವಿನ ಈ ವಾರಗಳಲ್ಲಿ ಎದೆಹಾಲು ಸ್ವಲ್ಪ ಕೈಹಿಡಿಯುತ್ತದೆ. ರಾತ್ರಿಯ ಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಕೆಲಸಕ್ಕೆ ಹೋಗುವ ತಾಯಂದಿರು ಹಾಲು ಹಿಂಡಿ ಫ್ರಿಜ್ಜಿನಲ್ಲಿಡುವಾಗ ತಾರೀಖಿನ ಜೊತೆ ಹೊತ್ತನ್ನೂ ಬರೆದಿಟ್ಟು, ರಾತ್ರಿಯದನ್ನು ರಾತ್ರಿಗೇ ಕುಡಿಸಬಹುದು. ಅನುಕೂಲವಾಗದಿದ್ದರೆ ಚಿಂತೆಯಿಲ್ಲ. ಹಾಲು ಯಾವ ಹೊತ್ತಿನದಾದರೂ ಹಾಲೇ.

ಬೆಳಕೊಂದನ್ನೇ ನಂಬಿದರೆ ಏನಾಗುತ್ತದೆ? ಇದನ್ನು ನೋಡಲು 1990ರ ದಶಕದಲ್ಲಿ ಒಂದೇ ಒಂದು ಮಗುವನ್ನು ಹುಟ್ಟಿದಾಗಿನಿಂದ ಆರು ತಿಂಗಳವರೆಗೆ ಗಮನಿಸಿದರು. ವರದಿ ಬಂದದ್ದು 1999ರಲ್ಲಿ. ಆ ಮಗು ಕಂಡದ್ದು ಸೂರ್ಯನ ಬೆಳಕನ್ನು ಮಾತ್ರ, ವಿದ್ಯುತ್ ದೀಪವನ್ನಲ್ಲ. ಅದರ ಮೈಬಿಸಿಯ ಏರಿಳಿತದಲ್ಲಿ ಹಗಲು ರಾತ್ರಿಯ ವ್ಯತ್ಯಾಸ ಕಾಣಿಸಿದ್ದು ಮೊದಲ ವಾರದಲ್ಲೇ. ಎಚ್ಚರದ ಹೊತ್ತು ಹಗಲಿಗೆ ಒಗ್ಗಿದ್ದು 45ನೇ ದಿನದ ಸುಮಾರಿಗೆ. ಸೂರ್ಯ ಮುಳುಗುತ್ತಿದ್ದಂತೆ ಮೆಲಟೋನಿನ್ ಏರತೊಡಗಿದ್ದೂ ಆಗಲೇ. ಎಲ್ಲಕ್ಕಿಂತ ಕೊನೆಗೆ, 56ನೇ ದಿನದ ನಂತರ, ನಿದ್ದೆ ದಾರಿಗೆ ಬಂತು.

ಈ ಅನುಕ್ರಮದಲ್ಲಿ ಎರಡು ಸಂಗತಿ ನನಗೆ ಮುಖ್ಯವಾಗಿ ತೋರುತ್ತವೆ. ಎಚ್ಚರ ಮೊದಲು ನೆಲೆಗೊಂಡಿತು, ನಿದ್ದೆ ಆಮೇಲೆ. ನಾವೆಲ್ಲ ರಾತ್ರಿಯ ನಿದ್ದೆಯನ್ನೇ ಹಿಡಿದು ಜಗ್ಗುತ್ತೇವೆ, ಆದರೆ ಕೂಸಿಗೆ ಮೊದಲು ಗೊತ್ತಾಗುವುದು ಹಗಲು. ಇನ್ನೊಂದು, 60ನೇ ದಿನದವರೆಗೆ ಆ ಮಗು ರಾತ್ರಿಯ ನಿದ್ದೆಗೆ ಜಾರುತ್ತಿದ್ದುದು ಸೂರ್ಯಾಸ್ತದ ಹೊತ್ತಿಗೆ. ಆಮೇಲೆ ಅದು ಮನೆಯವರು ಮಲಗುವ ಹೊತ್ತಿಗೆ ಹೊಂದಿಕೊಂಡಿತು. ಮೊದಲು ಬೆಳಕು, ನಂತರ ಮನೆಯ ದಿನಚರಿ. ಒಂದು ಮಗುವಿನ ಕತೆಯಿಂದ ಎಲ್ಲ ಮಕ್ಕಳಿಗೂ ದಿನ ಎಣಿಸಿ ಹೇಳಲಾಗದು ನಿಜ. ಆದರೂ ಯಾವುದರ ಹಿಂದೆ ಯಾವುದು ಬರಬಹುದೆಂದು ಇಷ್ಟು ಸ್ಪಷ್ಟವಾಗಿ ತೋರಿಸುವ ದಾಖಲೆ ಅಪರೂಪ.

ಈಗ ನಮ್ಮ ಬಾಣಂತಿ ಕೋಣೆಗೆ ಬನ್ನಿ. ಗಾಳಿ ತಾಗೀತು, ಶೀತವಾದೀತು, ದೃಷ್ಟಿಯಾದೀತು ಎಂದು ಕಿಟಕಿ ಮುಚ್ಚಿ ಪರದೆ ಎಳೆದಿರುತ್ತದೆ. ಮಟಮಟ ಮಧ್ಯಾಹ್ನದಲ್ಲೂ ಒಳಗೆ ಮಬ್ಬು. ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಅಂಥ ಕೋಣೆಯಲ್ಲಿ 50 ದಾಟುವುದೂ ಕಷ್ಟ. ಅದೇ ಹೊತ್ತಿಗೆ ಹೊರಗೆ ಮರದ ನೆರಳಿನಲ್ಲೇ ಸಾವಿರಾರು ಲಕ್ಸ್ ಇರುತ್ತದೆ, ಬಿಸಿಲಿನಲ್ಲಿ 50 ಸಾವಿರಕ್ಕೂ ಮೇಲೆ. ಸಂಜೆಯಾದರೆ ಲೆಕ್ಕ ತಿರುಗುಮುರುಗು. ಮಗು ನೋಡಲು ನೆಂಟರು ಬರುತ್ತಾರೆ, ಟ್ಯೂಬ್‌ಲೈಟ್ ಉರಿಯುತ್ತದೆ, ಅದು 150, 200 ಲಕ್ಸ್ ಕೊಡುತ್ತದೆ. ಅಂದರೆ ಆ ಕೂಸಿನ ಕಣ್ಣಿಗೆ ರಾತ್ರಿ ಒಂಬತ್ತು ಗಂಟೆ ಮಧ್ಯಾಹ್ನಕ್ಕಿಂತ ಹೆಚ್ಚು ಹಗಲು. ಅದು ಹಗಲು ರಾತ್ರಿ ಅದಲುಬದಲು ಮಾಡಿಕೊಂಡರೆ ತಪ್ಪು ಕೂಸಿನದಲ್ಲ. ಬಾಣಂತಿಯನ್ನು ಬೆಚ್ಚಗಿಡಬೇಕೆಂಬ ಅಜ್ಜಿಯರ ಕಾಳಜಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ಬೆಚ್ಚಗಿರಲು ಕತ್ತಲೆಯೇ ಬೇಕಿಲ್ಲ. ಗಾಜಿನ ಕಿಟಕಿ ಮುಚ್ಚಿಯೇ ಇರಲಿ, ಪರದೆ ಸರಿಸಿದರೆ ಸಾಕು.

ಬ್ರಿಟನ್‌ನಲ್ಲಿ ಯವಾನ್ ಹ್ಯಾರಿಸನ್ ಅವರು ಆರರಿಂದ ಹನ್ನೆರಡು ವಾರದ 56 ಶಿಶುಗಳನ್ನು ಗಮನಿಸಿ 2004ರಲ್ಲಿ ಬರೆದ ವರದಿಯೂ ಹಗಲಿನತ್ತಲೇ ಬೆರಳು ತೋರಿಸುತ್ತದೆ. ರಾತ್ರಿ ಚೆನ್ನಾಗಿ ಮಲಗುತ್ತಿದ್ದ ಮಕ್ಕಳು ಮಧ್ಯಾಹ್ನ 12ರಿಂದ 4ರ ನಡುವೆ ಹೆಚ್ಚು ಬೆಳಕಿನಲ್ಲಿದ್ದವು. ಬೆಳಕಿನಿಂದಲೇ ನಿದ್ದೆ ಬಂತೆಂದು ಇದರಿಂದ ಸಾಬೀತಾಗದು. ರಾತ್ರಿ ಚೆನ್ನಾಗಿ ಮಲಗುವ ಮಗುವಿನ ತಾಯಿಗೆ ಹಗಲು ಹೊರಗೆ ಓಡಾಡಲು ಚೈತನ್ಯ ಉಳಿದಿರುತ್ತದೆ ಎನ್ನಲೂಬಹುದು. ಆದರೆ ಗಡಿಯಾರದ ಬಗ್ಗೆ ಗೊತ್ತಿರುವ ಉಳಿದೆಲ್ಲದರ ಜೊತೆಗೆ ಈ ಮಾತು ಹೊಂದುತ್ತದೆ.

ಹಗಲು ಕೊಡುವುದೆಂದರೆ ಬಿಸಿಲಿಗೆ ಹಾಕುವುದಲ್ಲ. ಎಳೆಗೂಸಿನ ಚರ್ಮ ನೇರ ಬಿಸಿಲನ್ನು ತಾಳದು, ಕಣ್ಣಿಗೂ ಅದು ಹಿತವಲ್ಲ. ಕಿಟಕಿಯಿಂದ ಒಂದು ಮಾರು ದೂರದಲ್ಲಿ ತೊಟ್ಟಿಲು, ಬೆಳಿಗ್ಗೆ ಎಣ್ಣೆ ನೀರಿನ ಹೊತ್ತಿಗೆ ತೆರೆದ ಪರದೆ, ಮಧ್ಯಾಹ್ನ ಜಗಲಿಯ ನೆರಳಿನಲ್ಲಿ ಅರ್ಧ ಗಂಟೆ ಅಜ್ಜಿಯ ಮಡಿಲು, ಇಷ್ಟಾದರೆ ಧಾರಾಳ. ಹಗಲಿನ ಸಣ್ಣ ನಿದ್ದೆಗಳಿಗೂ ಕೋಣೆ ಕತ್ತಲು ಮಾಡುವ ಅಗತ್ಯವಿಲ್ಲ, ಮನೆಯ ಸದ್ದು ಅಡಗಿಸುವುದೂ ಬೇಡ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಮಗುವಿನ ಮೈ, ಕಣ್ಣು ಹಳದಿಯಾಗಿದ್ದರೆ ಎಳೆಬಿಸಿಲು ಕಾಯಿಸಿ ಸರಿಮಾಡುತ್ತೇವೆಂದು ಮನೆಯಲ್ಲಿ ಕೂರಬಾರದು. ಕಾಮಾಲೆಯ ಮಟ್ಟವನ್ನು ವೈದ್ಯರೇ ಅಳೆಯಬೇಕು.

ಸಂಜೆಯದು ಇನ್ನೂ ಸುಲಭ. ಕರ್ನಾಟಕದಲ್ಲಿ ವರ್ಷದ ಯಾವ ಕಾಲದಲ್ಲೂ ಏಳು ಗಂಟೆಯ ಸುಮಾರಿಗೆ ಸೂರ್ಯ ಮುಳುಗಿರುತ್ತಾನೆ. ದೀಪ ಹಚ್ಚುವ ಹೊತ್ತಿನಿಂದಲೇ ಮಗು ಇರುವ ಕೋಣೆಯಲ್ಲಿ ಟ್ಯೂಬ್‌ಲೈಟ್ ಬದಲು ಮೂಲೆಯಲ್ಲಿ ಹಳದಿ ಬಲ್ಬು ಇರಲಿ, ಬೆಳಕು ಗೋಡೆಗೆ ಬೀಳಲಿ, ಮಗುವಿನ ಮುಖಕ್ಕಲ್ಲ. ನಮ್ಮ ಮಲಗುವ ಕೋಣೆಗಳಲ್ಲಿ ನೀಲಿ ಬಣ್ಣದ ಜೀರೋ ಬಲ್ಬು ಬಹಳ ಕಾಲದಿಂದ ಬಳಕೆಯಲ್ಲಿದೆ. ಅದರ ಬೆಳಕು ಮಂದವಾದ್ದರಿಂದ ದೊಡ್ಡ ಅಪಾಯವೇನಿಲ್ಲ, ಆದರೆ ಗಡಿಯಾರದ ಕೋಶಗಳು ಹೆಚ್ಚು ಕೆರಳುವ ಬಣ್ಣವೇ ಅದು. ಮುಂದಿನ ಬಾರಿ ಕೊಳ್ಳುವಾಗ ಕೆಂಪನ್ನೋ ಕಿತ್ತಳೆಯನ್ನೋ ಆರಿಸಿದರೆ ಒಳ್ಳೆಯದು. ಮಕ್ಕಳಲ್ಲಿ ಬೆಳಕಿನ ಪರಿಣಾಮ ಎಷ್ಟು ಜೋರು ಎಂಬುದಕ್ಕೆ ಅಮೆರಿಕದಲ್ಲಿ ಮೂರರಿಂದ ಐದು ವರ್ಷದವರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಮಲಗುವ ಮುಂಚೆ ಒಂದು ಗಂಟೆ 1000 ಲಕ್ಸ್ ಬೆಳಕಿನಲ್ಲಿ ಆಡಿದ ಆ ಮಕ್ಕಳಲ್ಲಿ ಮೆಲಟೋನಿನ್ ಶೇ. 88ರಷ್ಟು ಕುಸಿದಿತ್ತು. ಮನೆಯ ದೀಪಗಳು ಅಷ್ಟು ಪ್ರಖರವಲ್ಲ, ಎಳೆಗೂಸುಗಳ ಮೇಲೆ ಆದ ಅಳತೆಯೂ ಅದಲ್ಲ. ಆದರೂ ನಡುರಾತ್ರಿ ಹಾಲೂಡಿಸಲು, ಬಟ್ಟೆ ಬದಲಿಸಲು ದೊಡ್ಡ ದೀಪ ಹಾಕದಿರಲು ಅದು ಸಾಕಷ್ಟು ಕಾರಣ. ಕೈಗೆ ಕಾಣುವಷ್ಟು ಬೆಳಕಿದ್ದರೆ ಸಾಕು.

ಹಾಗಾದರೆ ಇಡೀ ದಿನ ಬೆಳಕೇ ಇದ್ದರೆ? ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಇಲಿಮರಿಗಳನ್ನು ಹುಟ್ಟಿದಾಗಿನಿಂದ ಆರದ ಬೆಳಕಿನಲ್ಲಿ ಬೆಳೆಸಿ ನೋಡಿದರು. ಗಡಿಯಾರದ ಒಂದೊಂದು ನರಕೋಶವೂ ತನ್ನಷ್ಟಕ್ಕೆ ಸರಿಯಾಗಿಯೇ ಮಿಡಿಯುತ್ತಿತ್ತು, ಆದರೆ ಒಂದಕ್ಕೊಂದು ಹೊಂದಿಕೆಯಿರಲಿಲ್ಲ. ಭಜನೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ತಾಳ ಹಾಕಿದರೆ ಹಾಡು ಎದ್ದು ನಿಲ್ಲದಲ್ಲ, ಹಾಗೆ. ಮತ್ತೆ ಹಗಲು ರಾತ್ರಿ ಕೊಟ್ಟಾಗ ತಾಳ ಕೂಡಿತು. ಈ ಮಾತು ತಟ್ಟಬೇಕಾದದ್ದು ದಿನವಿಡೀ ದೀಪ ಉರಿಯುವ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಿಗೆ. 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದರಲ್ಲಿ, ಅವಧಿಗೆ ಮುನ್ನ ಹುಟ್ಟಿದ 41 ಆರೋಗ್ಯವಂತ ಶಿಶುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸಂಜೆ 7ರಿಂದ ಬೆಳಿಗ್ಗೆ 7ರವರೆಗೆ ಬೆಳಕು, ಸದ್ದು ಎರಡನ್ನೂ ತಗ್ಗಿಸಿದರು. ಆಸ್ಪತ್ರೆಯಲ್ಲಿದ್ದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮನೆಗೆ ಹೋದ ಮೇಲೆ ಆ ಗುಂಪಿನ ಶಿಶುಗಳು ಹೆಚ್ಚು ಮಲಗಿದವು, ಚೆನ್ನಾಗಿ ತೂಕ ಕಟ್ಟಿಕೊಂಡವು. ಹೆರಿಗೆಗೆ ಕೊಟ್ಟಿದ್ದ ದಿನ ದಾಟಿ ಮೂರು ತಿಂಗಳಾಗುವಾಗ ಅವುಗಳ ತೂಕ ಉಳಿದವುಗಳಿಗಿಂತ ಸರಾಸರಿ ಅರ್ಧ ಕಿಲೋ ಹೆಚ್ಚಿತ್ತು. ಇದರಲ್ಲಿ ಬೆಳಕಿನ ಪಾಲೆಷ್ಟು, ಮೌನದ ಪಾಲೆಷ್ಟು ಎಂದು ಬಿಡಿಸಲಾಗದು.

ಇಷ್ಟೆಲ್ಲ ಮಾಡಿದರೆ ಮಗು ರಾತ್ರಿಯಿಡೀ ಮಲಗುತ್ತದೆಯೇ ಎಂದು ಕೇಳಿದರೆ, ಇಲ್ಲ. ಗಡಿಯಾರ ನಿದ್ದೆಯ ಹೊತ್ತನ್ನು ತಿದ್ದುತ್ತದೆ, ಹಸಿವನ್ನಲ್ಲ. ಪುಟ್ಟ ಹೊಟ್ಟೆ ಎರಡು ಮೂರು ಗಂಟೆಗೆ ಖಾಲಿಯಾಗುವಷ್ಟು ದಿನ ಅದು ಏಳುತ್ತದೆ, ಏಳಲೇಬೇಕು. ನೋಡಬೇಕಾದದ್ದು ಬೇರೆ. ಕ್ಲೈಟ್‌ಮನ್ ಮಾಡಿದಂತೆ ಚೌಕುಳಿ ಹಾಳೆಯಲ್ಲಿ ದಿನಕ್ಕೊಂದು ಸಾಲು, ಗಂಟೆಗೊಂದು ಮನೆ ಹಾಕಿ, ಮಗು ಮಲಗಿದ ಗಂಟೆಗಳನ್ನು ಪೆನ್ಸಿಲ್ಲಿನಲ್ಲಿ ತುಂಬಿ. ಒಂದೆರಡು ದಿನದಲ್ಲಿ ಏನೂ ತಿಳಿಯದು, ಎರಡು ಮೂರು ವಾರ ಬೇಕು. ತುಂಬಿದ ಮನೆಗಳಲ್ಲಿ ಅತಿ ಉದ್ದದ ಸಾಲು ಯಾವುದು, ಅದು ರಾತ್ರಿಯ ಕಡೆಗೆ ಬರುತ್ತಿದೆಯೇ ಎಂದು ನೋಡಿ. ನಾಲ್ಕು ವಾರದ ಮಗುವಿನ ಹಾಳೆ ಚೆದುರಿದ್ದರೆ ಅದು ಸಹಜ. ಮೂರು ತಿಂಗಳಾದರೂ ಪಟ್ಟಿ ಓರೆಯಾಗಿ ಜಾರುತ್ತಲೇ ಇದ್ದರೆ ಹಗಲಿನ ಬೆಳಕು ಸಾಲುತ್ತಿಲ್ಲವೇನೋ ಎಂದು ಮೊದಲು ಕೋಣೆಯನ್ನು ಪರೀಕ್ಷಿಸಿ. ಅವಧಿಗೆ ಮುನ್ನ ಹುಟ್ಟಿದ ಕೂಸಾದರೆ ತಿಂಗಳುಗಳನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ ಎಣಿಸಬೇಕು. ಇನ್ನು ಹಾಲಿಗೂ ಏಳದಷ್ಟು ಮಂಕಾಗಿ ಮಲಗುವ ಎಳೆಗೂಸಿನ ವಿಷಯ ಬೇರೆಯೇ. ಅದಕ್ಕೆ ಹಾಳೆ ಪೆನ್ಸಿಲ್ಲು ಹಿಡಿದು ಕೂರದೆ ಅಂದೇ ವೈದ್ಯರಿಗೆ ತೋರಿಸಬೇಕು.